ಪರಂಗಿಕಾಯಿಯ ಹಾಲು, ಅನಾನಸಿನ ಹುಳಿ

ಬಸುರಿಯರಿಗೆ ಪರಂಗಿ ಬೇಡ, ಅನಾನಸ್ ಬೇಡ ಎಂದು ಮನೆಯ ಹಿರಿಯರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ವಿಜ್ಞಾನ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ಪರಂಗಿಕಾಯಿಯ ಸಿಪ್ಪೆ ಗೀರಿದರೆ ಬಿಳಿ ಹಾಲು ಒಸರುತ್ತದೆ. ಪಪೇನ್ ಮೊದಲಾದ ಕಿಣ್ವಗಳಿರುವುದು ಅದರಲ್ಲೇ. ಕಾಯಿ ಹಣ್ಣಾಗುತ್ತ ಹೋದಂತೆ ಈ ಹಾಲು ಬಹುಮಟ್ಟಿಗೆ ಇಂಗಿಹೋಗುತ್ತದೆ. 2002ರಲ್ಲಿ ಪ್ರಕಟವಾದ ಸಿಂಗಪುರದ ಅಧ್ಯಯನವೊಂದು ಈ ವ್ಯತ್ಯಾಸವನ್ನೇ ಪರೀಕ್ಷಿಸಿತು. ಇಲಿಯ ಗರ್ಭಕೋಶದ ತುಣುಕಿಗೆ ಕಾಯಿಯ ಹಾಲು ಹಾಕಿದಾಗ, ಹೆರಿಗೆ ನೋವು ತರುವ ಆಕ್ಸಿಟೋಸಿನ್ ಹಾಕಿದಾಗಿನಂತೆಯೇ ಅದು ಬಿಗಿದುಕೊಂಡಿತು. ಮಾಗಿದ ಹಣ್ಣಿನ ರಸಕ್ಕೆ ಹಾಗೆ ಬಿಗಿಯಲಿಲ್ಲ. ಹಣ್ಣು ತಿಂದ ಗಬ್ಬದ ಇಲಿಗಳ ಮರಿಗಳಿಗೂ ತೊಂದರೆಯಾಗಲಿಲ್ಲ.

ಇದು ಇಲಿಯ ಮೇಲಿನ ಪ್ರಯೋಗ ಎಂಬುದು ನಿಜ. ಗರ್ಭಿಣಿಯರಿಗೆ ಕಾಯಿ ತಿನ್ನಿಸಿ ಪರೀಕ್ಷಿಸುವುದು ಸಲ್ಲದಾದ್ದರಿಂದ, ಎಷ್ಟು ತಿಂದರೆ ಅಪಾಯ ಎಂಬ ಅಳತೆ ಯಾರ ಬಳಿಯೂ ಇಲ್ಲ. ಹಾಗಾಗಿ ಹಸಿ ಕಾಯಿಯನ್ನೂ ಅರೆಮಾಗಿದ್ದನ್ನೂ ಬಿಡುವುದೇ ಸರಿಯೆಂದು ನನ್ನ ಅಭಿಪ್ರಾಯ. ಒತ್ತಿದರೆ ಮೆತ್ತಗಿರುವ, ಹಾಲು ಒಸರದ, ಪೂರ್ತಿ ಕೆಂಪೇರಿದ ಹಣ್ಣಿಗೆ ಅಂಜಬೇಕಿಲ್ಲ.

ಅನಾನಸಿನ ಮೇಲಿನ ದೂರು ಬ್ರೋಮೆಲಿನ್ ಎಂಬ ಕಿಣ್ವದ್ದು. ಅದು ಹೆಚ್ಚಾಗಿರುವುದು ಗಿಡದ ಕಾಂಡದಲ್ಲಿ. ಮಾತ್ರೆ ತಯಾರಿಸುವುದೂ ಅದರಿಂದಲೇ. ಅಂಥ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬಾರದು. ತಿನ್ನುವ ತೊಳೆಗಳಲ್ಲಿ ಅದು ಕಡಿಮೆ, ಅದರಲ್ಲೂ ಬಹುಪಾಲು ಹೊಟ್ಟೆಯಲ್ಲೇ ಜೀರ್ಣವಾಗುತ್ತದೆ. ನಾಲ್ಕು ಹೋಳು ತಿಂದು ಗರ್ಭ ಇಳಿಯಿತು ಎನ್ನಲು ಪುರಾವೆಯಿಲ್ಲ. ಎದೆಯುರಿ ಇರುವವರಿಗೆ ಮಾತ್ರ ಅದರ ಹುಳಿ ಕಾಟ ಕೊಡಬಹುದು.