ತಂತಿ ಕಿತ್ತಾಗ ಡಿಸ್ಕಿನೊಳಗೆ ನಡೆಯುವುದೇನು

ಬಿಲ್ಲಿಂಗ್ ದಾಖಲೆಗಳಿರುವ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕನ್ನು ಹಲವರು ಬಳಸುವ ಅಂಗಡಿಗಳಲ್ಲಿ, ಒಮ್ಮೆ ದತ್ತಾಂಶ ಕೈತಪ್ಪುವ ಹಂತಕ್ಕೆ ಹೋಗಿ ಉಳಿದುಕೊಂಡ ಮೇಲೆ, ಗೋಡೆಗೆ ಸೂಚನಾಪತ್ರ ಅಂಟಿಸುವುದು ವಾಡಿಕೆ. ‘ಡಿಸ್ಕನ್ನು ಎಚ್ಚರಿಕೆಯಿಂದ ತೆಗೆಯಿರಿ’ ಎಂದಷ್ಟೇ ಬರೆದ ಪತ್ರ ವಾರದೊಳಗೆ ಯಾರ ಕಣ್ಣಿಗೂ ಬೀಳದಂತಾಗುವುದಕ್ಕೆ ಕಾರಣ, ತಂತಿ ಕಿತ್ತಾಗ ಕೆಡುವುದು ಏನು ಎಂಬುದು ಅದರಲ್ಲಿ ಇಲ್ಲದಿರುವುದು.

ಬಳ್ಳಾರಿಯಲ್ಲಿ ಮುಖ್ಯ ಅಂಗಡಿಯೂ ಸಿರುಗುಪ್ಪ, ಕುರುಗೋಡುಗಳಲ್ಲಿ ಶಾಖೆಗಳೂ ಇದ್ದು, ಒಂದೇ ಡಿಸ್ಕು ಮೂರೂ ಕಡೆ ಓಡಾಡುವ ಜೀನ್ಸ್ ವ್ಯಾಪಾರವೊಂದನ್ನು ಕಲ್ಪಿಸಿಕೊಳ್ಳಬಹುದು. ಕುರುಗೋಡಿನಲ್ಲಿ ರಾತ್ರಿ ಕೊನೆಯ ಬಿಲ್ಲು ಹೊಡೆದು, ಬಸ್ಸಿಗೆ ಹೊತ್ತಾಯಿತೆಂದು ತಂತಿಯನ್ನು ಎಳೆದುಕೊಂಡು ಹೋದರೆ, ಮರುದಿನ ಬಳ್ಳಾರಿಯ ಕಂಪ್ಯೂಟರು ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕೆಂದು ಕೇಳಬಹುದು. ಪರದೆಯ ಮೇಲೆ ‘ಉಳಿಸಲಾಗಿದೆ’ ಎಂದು ಕಂಡ ಕ್ಷಣಕ್ಕೇ ಬಿಲ್ಲು ಡಿಸ್ಕಿನ ತಟ್ಟೆಗೆ ತಲುಪಿರುತ್ತದೆ ಎನ್ನುವಂತಿಲ್ಲ. ಬರಹವನ್ನು ಸ್ವಲ್ಪ ಹೊತ್ತು ಮೆಮೊರಿಯಲ್ಲಿ ಕೂಡಿಟ್ಟು ಆಮೇಲೆ ಒಟ್ಟಿಗೆ ಬರೆಯುವ ‘ಕ್ಯಾಶ್’ ಎಂಬ ಏರ್ಪಾಡು ಕಂಪ್ಯೂಟರಿನಲ್ಲೂ ಇದೆ, ಡಿಸ್ಕಿನೊಳಗೂ ಇದೆ. 2018ರಲ್ಲಿ ಬಂದ ವಿಂಡೋಸ್ 10ರ 1809ನೇ ಆವೃತ್ತಿಯಿಂದ ಹೊರಗಿನ ಡಿಸ್ಕುಗಳಿಗೆ ಬೇಗ ತೆಗೆಯಲು ಅನುವಾಗುವ ವಿಧಾನವೇ ಮೂಲ ಆಯ್ಕೆಯಾಗಿರುವುದರಿಂದ ಅಪಾಯ ತಗ್ಗಿದೆಯಾದರೂ, ಬರೆಯುತ್ತಿರುವಾಗಲೇ ತಂತಿ ಕಿತ್ತರೆ ಆ ಆಯ್ಕೆ ಏನೂ ಮಾಡಲಾರದು.

ಯಾವ ಕಡತ ಡಿಸ್ಕಿನ ಯಾವ ಭಾಗದಲ್ಲಿದೆ ಎಂಬ ಪಟ್ಟಿ, ಖಾತೆ ಪುಸ್ತಕದ ಮೊದಲ ಪುಟದ ಅನುಕ್ರಮಣಿಕೆಯಂತೆ, ಬೇರೆಯಾಗಿಯೇ ಇರುತ್ತದೆ. ಅದು ಅರ್ಧ ಬರೆದ ಸ್ಥಿತಿಯಲ್ಲಿ ನಿಂತಾಗ ವಿಂಡೋಸ್‌ಗೆ ಡಿಸ್ಕಿನ ಗುರುತು ಸಿಗದೆ, ಕಡತ ವ್ಯವಸ್ಥೆಯ ಹೆಸರಿರಬೇಕಾದ ಕಡೆ `RAW` ಎಂದು ಕಾಣಬಹುದು, ಆದರೆ ಬಿಲ್ಲುಗಳ ಬಹುಪಾಲು ಇದ್ದಲ್ಲೇ ಇರುತ್ತದೆ. ಪಟ್ಟಿಯ ಬದಲಾವಣೆಗಳನ್ನು ಮೊದಲೇ ದಿನಚರಿಯಲ್ಲಿ ಬರೆದಿಟ್ಟುಕೊಂಡು, ಕಡಿದುಹೋದ ಕೆಲಸವನ್ನು ಪೂರೈಸುವ ಇಲ್ಲವೇ ಹಿಂದಕ್ಕೆ ಪಡೆಯುವ ಎನ್‌ಟಿಎಫ್‌ಎಸ್ ವ್ಯವಸ್ಥೆ, ಅಂಥ ದಿನಚರಿಯಿಲ್ಲದ ಎಕ್ಸ್‌ಫ್ಯಾಟ್‌ಗಿಂತ ಅಂಗಡಿಯ ಕೆಲಸಕ್ಕೆ ಮೇಲು. ಆದರೂ ಅದು ಕಾಯುವುದು ಪಟ್ಟಿಯನ್ನೇ ಹೊರತು ಬಿಲ್ಲಿನ ಒಳಗಿನ ಅಂಕಿಗಳನ್ನಲ್ಲ. ಬಿಲ್ಲು ಒಂದು ಕಡತಕ್ಕೂ ದಾಸ್ತಾನು ಇನ್ನೊಂದಕ್ಕೂ ಹೋಗುವ ತಂತ್ರಾಂಶದಲ್ಲಿ ಒಂದು ಬರೆದು ಇನ್ನೊಂದು ಉಳಿದರೆ, ಡಿಸ್ಕು ಸರಾಗವಾಗಿ ತೆರೆದುಕೊಂಡೂ ಲೆಕ್ಕ ತಾಳೆಯಾಗುವುದಿಲ್ಲ.

ಆದ್ದರಿಂದ ಸೂಚನಾಪತ್ರದ ಮೊದಲ ಸಾಲಿನಲ್ಲಿರಬೇಕಾದದ್ದು ತಂತಿಯ ಮಾತಲ್ಲ. ಬಿಲ್ಲಿಂಗ್ ತಂತ್ರಾಂಶ ನೇರವಾಗಿ ಬರೆಯುವ ಕಡತ ಆಯಾ ಅಂಗಡಿಯ ಕಂಪ್ಯೂಟರಿನಲ್ಲೇ ಇದ್ದು, ಓಡಾಡುವ ಡಿಸ್ಕಿಗೆ ಹೋಗುವುದು ದಿನದ ಕೊನೆಗೆ ತಂತ್ರಾಂಶ ಮುಚ್ಚಿದ ಮೇಲೆ ತೆಗೆದ, ಹೆಸರಿನಲ್ಲಿ ದಿನಾಂಕವಿರುವ ಪ್ರತಿ ಮಾತ್ರವಾಗಿರಬೇಕು ಎಂಬ ನಿಯಮವೊಂದಿದ್ದರೆ, ಕುರುಗೋಡಿನ ಅವಸರದಿಂದ ಹಾಳಾಗುವುದು ನಕಲುಗಳಷ್ಟೇ. ಎರಡನೆಯದು, ಫಾರ್ಮ್ಯಾಟ್ ಕೇಳುವ ಸಂದೇಶಕ್ಕೆ `Cancel` ಒತ್ತಿ ಡಿಸ್ಕನ್ನು ಬದಿಗಿಡುವುದು. ‘ಕ್ವಿಕ್’ ಫಾರ್ಮ್ಯಾಟು ಹಳೆಯ ಪಟ್ಟಿಯ ಜಾಗದಲ್ಲಿ ಹೊಸದನ್ನಷ್ಟೇ ಬರೆಯುವುದರಿಂದ ತಟ್ಟೆಯ ಡಿಸ್ಕಿನಲ್ಲಿ ದತ್ತಾಂಶ ಬಹುಮಟ್ಟಿಗೆ ಉಳಿದಿರುತ್ತದೆ. ಆದರೆ ವಿಂಡೋಸ್‌ನ ಪೂರ್ಣ ಫಾರ್ಮ್ಯಾಟು ಇಡೀ ಡಿಸ್ಕಿಗೆ ಸೊನ್ನೆ ತುಂಬುತ್ತದೆ, ಎಸ್‌ಎಸ್‌ಡಿಯಾದರೆ ಕ್ವಿಕ್ ಫಾರ್ಮ್ಯಾಟಿನಿಂದಲೂ ಎಲ್ಲ ಅಳಿಯಬಹುದು. `chkdsk` ಆಜ್ಞೆಗೆ `/f` ಸೇರಿಸಿ ‘ರಿಪೇರಿ’ಗೆ ಹೊರಡುವುದೂ ಆ ಹೊತ್ತಿನಲ್ಲಿ ಸಲ್ಲದು, ಏಕೆಂದರೆ ಅದು ಕೆಟ್ಟ ಡಿಸ್ಕಿನ ಮೇಲೆಯೇ ಬರೆಯುತ್ತದೆ; ತಿಳಿದವರು ಮೊದಲು ಇಡೀ ಡಿಸ್ಕಿನ ಪಡಿಯಚ್ಚನ್ನು ಇನ್ನೊಂದಕ್ಕೆ ಇಳಿಸಿಕೊಂಡು ಆ ಪಡಿಯಚ್ಚಿನ ಮೇಲೆ ಕೆಲಸ ಮಾಡುತ್ತಾರೆ. ಡಿಸ್ಕಿನಿಂದ ಟಕಟಕ ಸದ್ದು ಬರುತ್ತಿದ್ದರೆ ಅದನ್ನು ಮತ್ತೆ ಮತ್ತೆ ಚುಚ್ಚಿ ನೋಡುವುದೇ ಹಾನಿ.

ಬಳ್ಳಾರಿಯ ಬಿಸಿಲಿಗೂ ಪತ್ರದಲ್ಲಿ ಒಂದು ಸಾಲು ಬೇಕು. ಹಲವು ಪೋರ್ಟಬಲ್ ಡಿಸ್ಕುಗಳು ಓಡುವಾಗ ಸುತ್ತಲಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ಮೀರಬಾರದೆಂದು ತಯಾರಕರು ಹೇಳುತ್ತಾರೆ, ಬೇಸಿಗೆಯಲ್ಲಿ ಊರು 40 ದಾಟುತ್ತದೆ.

ದಾಖಲೆಗಳನ್ನು ಕಾಯುವುದು ಕೇವಲ ಅಂಗಡಿಯ ಶಿಸ್ತಿನ ವಿಷಯವಲ್ಲ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು ಕಾಯ್ದಿಡಬೇಕಾಗಿದ್ದು, ಅಪಘಾತದಿಂದ ವಿದ್ಯುನ್ಮಾನ ದಾಖಲೆ ನಾಶವಾದರೂ ತಕ್ಕ ಸಮಯದಲ್ಲಿ ಮರಳಿ ಪಡೆಯುವಂತೆ ಬ್ಯಾಕಪ್ ಇರಬೇಕೆಂದು 2017ರ ನಿಯಮಗಳಲ್ಲಿ 57ನೆಯದು ಹೇಳುತ್ತದೆ. ನಕಲು ಮಾಡುವಾಗ ಏನೂ ಕೆಟ್ಟಿಲ್ಲವೆಂದು ತಿಳಿಯಲು, ಕಡತದ ಒಳಗಿನ ಎಲ್ಲವನ್ನೂ ಲೆಕ್ಕ ಹಾಕಿ ಒಂದು ಉದ್ದನೆಯ ಬೆರಳಚ್ಚು ಕೊಡುವ ಆಜ್ಞೆಯನ್ನು ಮೂಲಕ್ಕೂ ಪ್ರತಿಗೂ ಓಡಿಸಬಹುದು:

```
certutil -hashfile D:\bill.zip SHA256
certutil -hashfile E:\bill.zip SHA256
```

ಎರಡೂ ಬೆರಳಚ್ಚುಗಳು ಒಂದೇ ಆಗಿ ಬಂದರೆ ನಕಲು ಸರಿಯಾಗಿದೆ ಎಂದಷ್ಟೇ ಅರ್ಥ. ಮೂಲವೇ ಮೊದಲು ಕೆಟ್ಟಿದ್ದರೆ ಕೆಟ್ಟದ್ದರ ನಕಲೂ ಅಷ್ಟೇ ನಿಷ್ಠೆಯಿಂದ ಬಂದಿರುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ಪ್ರತಿಯನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಸಿರುಗುಪ್ಪ ಶಾಖೆಯ ಕೊನೆಯ ಬಿಲ್ಲಿನ ಸಂಖ್ಯೆಯನ್ನೂ ಆ ದಿನದ ಒಟ್ಟು ಮೊತ್ತವನ್ನೂ ಮುದ್ರಿತ ಬಿಲ್ ಪುಸ್ತಕದೊಂದಿಗೆ ತಾಳೆ ನೋಡಬೇಕಾಗುತ್ತದೆ.