ನಡುವೆ ಕೂತ ಜೀನ್ ಯಾವುದು?

ಹಣ್ಣುನೊಣದ ಎಕ್ಸ್ ವರ್ಣತಂತುವಿನ ಮೇಲಿರುವ ಮೂರು ಜೀನ್‌ಗಳನ್ನು ತೆಗೆದುಕೊಳ್ಳೋಣ. ಒಂದು ಕೆಟ್ಟರೆ ಕಣ್ಣು ಇಟ್ಟಿಗೆಗೆಂಪಿನ ಬದಲು ಉಜ್ವಲ ಕೆಂಪಾಗುತ್ತದೆ. ಇನ್ನೊಂದು ಕೆಟ್ಟರೆ ರೆಕ್ಕೆಯ ಅಡ್ಡನರ ಮಾಯವಾಗುತ್ತದೆ. ಮೂರನೆಯದು ಕೆಟ್ಟರೆ ರೆಕ್ಕೆಯ ಅಂಚು ಕತ್ತರಿಸಿದಂತೆ ಕಾಣುತ್ತದೆ. ಇವನ್ನು ಕಣ್ಣು, ನರ, ಅಂಚು ಎಂದೇ ಕರೆಯೋಣ. ತಂತುವಿನ ಮೇಲೆ ಇವುಗಳ ಸಾಲು ಯಾವುದು?

ತಾಯಿನೊಣದ ಒಂದು ಎಕ್ಸ್‌ನಲ್ಲಿ ಕಣ್ಣು ಮಾತ್ರ ಕೆಟ್ಟಿದೆ, ಇನ್ನೊಂದರಲ್ಲಿ ನರ ಮತ್ತು ಅಂಚು ಕೆಟ್ಟಿವೆ. ಮೂರೂ ಕೆಟ್ಟಿರುವ ಗಂಡಿನೊಂದಿಗೆ ಅವಳನ್ನು ಕೂಡಿಸಿದರೆ, ತಾಯಿಯ ಅಂಡದಲ್ಲಿ ಏನಿತ್ತೋ ಅದೇ ಮರಿಯಲ್ಲಿ ಎದ್ದು ಕಾಣುತ್ತದೆ. ಇದೇ ಪರೀಕ್ಷಾ ಸಂಕರಣ. ಹಣ್ಣುನೊಣದ ಗಂಡಿನಲ್ಲಿ ತಂತುಗಳ ತುಂಡು ವಿನಿಮಯವೇ ನಡೆಯುವುದಿಲ್ಲ, ಹಾಗಾಗಿ ಎರಡು ಬಗೆಯ ತಂತು ಹೊತ್ತವಳು ಹೆಣ್ಣೇ ಆಗಿರಬೇಕು.

ಪಠ್ಯಪುಸ್ತಕಗಳಲ್ಲಿ ಬರುವ ಒಂದು ಲೆಕ್ಕದಲ್ಲಿ 1448 ಮರಿಗಳಿವೆ. ಕಣ್ಣು ಮಾತ್ರ ಕೆಟ್ಟವು 580, ನರ ಮತ್ತು ಅಂಚು ಕೆಟ್ಟವು 592. ಇವು ತಾಯಿಯ ತಂತುಗಳು ಬದಲಾಗದೆ ಬಂದವು. ಮೂರೂ ಕೆಟ್ಟವು 89, ಮೂರೂ ಸರಿಯಿರುವವು 94. ಕಣ್ಣು ಮತ್ತು ನರ ಕೆಟ್ಟವು 45, ಅಂಚು ಮಾತ್ರ ಕೆಟ್ಟವು 40. ಕೊನೆಗೆ, ಕಣ್ಣು ಮತ್ತು ಅಂಚು ಕೆಟ್ಟವು ಬರೀ 3, ನರ ಮಾತ್ರ ಕೆಟ್ಟವು 5.

ಸಾಲನ್ನು ಹೇಳುವುದು ಈ ಕೊನೆಯ ಎಂಟು ನೊಣಗಳೇ. ಒಂದೇ ತಂತುವಿನಲ್ಲಿ ಎರಡು ಕಡೆ ವಿನಿಮಯ ನಡೆಯುವುದು ಅಪರೂಪ, ಅದಕ್ಕೇ ಈ ಗುಂಪು ಇಷ್ಟು ಸಣ್ಣದು. ನಡುವಿನ ಜೀನ್‌ನ ಎರಡೂ ಬದಿಯಲ್ಲಿ ವಿನಿಮಯವಾದರೆ ತುದಿಯವೆರಡೂ ಮೊದಲಿನಂತೆ ಜೊತೆಯಾಗಿಯೇ ಉಳಿದು, ನಡುವಿನದಷ್ಟೇ ಅದಲುಬದಲಾಗುತ್ತದೆ. 'ಕಣ್ಣು ಮಾತ್ರ' ಎಂಬುದರ ಪಕ್ಕ 'ಕಣ್ಣು ಮತ್ತು ಅಂಚು' ಇಟ್ಟು ನೋಡಿ: ಬದಲಾದದ್ದು ಅಂಚು. ಹಾಗಾದರೆ ಸಾಲು ಕಣ್ಣು, ಅಂಚು, ನರ.

ಇನ್ನು ದೂರ. ಕಣ್ಣು ಮತ್ತು ಅಂಚಿನ ನಡುವೆ ವಿನಿಮಯವಾದವು 89, 94, 3, 5, ಒಟ್ಟು 191. ಅದನ್ನು 1448ರಿಂದ ಭಾಗಿಸಿದರೆ ಶೇ. 13.2. ಅಂಚು ಮತ್ತು ನರದ ನಡುವೆ 45, 40, 3, 5. ಒಟ್ಟು 93, ಅಂದರೆ ಶೇ. 6.4. ಆ ಎಂಟನ್ನು ಎರಡೂ ಕಡೆ ಸೇರಿಸಬೇಕು, ಏಕೆಂದರೆ ಅವುಗಳಲ್ಲಿ ಎರಡೂ ಕಡೆ ವಿನಿಮಯವಾಗಿದೆ. ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲೇ.

ತುದಿಯಿಂದ ತುದಿಗೆ ಹೀಗೆ 19.6 ಘಟಕ. ಅಂಚನ್ನು ಮರೆತು ಕಣ್ಣು ಮತ್ತು ನರವನ್ನಷ್ಟೇ ನೋಡಿದ್ದರೆ 268 ನೊಣ, ಶೇ. 18.5 ಮಾತ್ರ ಸಿಗುತ್ತಿತ್ತು. ಎರಡು ಬಾರಿ ವಿನಿಮಯವಾದವು ಬದಲಾಗದವುಗಳಂತೆಯೇ ಕಂಡು ಲೆಕ್ಕದಿಂದ ಜಾರಿಹೋಗುತ್ತವೆ. ದೂರ ಹೆಚ್ಚಿದಷ್ಟೂ ಈ ಕೊರತೆಯೂ ಹೆಚ್ಚುತ್ತದೆ. ಮೂರನೆಯ ಜೀನ್ ಬೇಕಾಗುವುದು ಇದಕ್ಕೇ.

ಎರಡು ವಿನಿಮಯಗಳು ಒಂದಕ್ಕೊಂದು ಸಂಬಂಧವಿಲ್ಲದೆ ನಡೆದಿದ್ದರೆ ಸುಮಾರು 12 ನೊಣ ಸಿಗಬೇಕಿತ್ತು. ಸಿಕ್ಕಿದ್ದು 8. ಒಂದು ಕಡೆ ವಿನಿಮಯವಾದರೆ ಅದರ ಆಸುಪಾಸಿನಲ್ಲಿ ಇನ್ನೊಂದಕ್ಕೆ ಅಡ್ಡಿಯಾಗುತ್ತದೆಂಬುದು ತಿಳಿದ ವಿಷಯವೇ. ಆದರೆ 12 ಮತ್ತು 8ರಂಥ ಸಣ್ಣ ಸಂಖ್ಯೆಗಳ ಅಂತರ ಬರೀ ಆಕಸ್ಮಿಕವೂ ಆಗಿರಬಹುದು. ಅಡ್ಡಿ ಎಷ್ಟೆಂದು ಖಚಿತವಾಗಿ ಹೇಳಲು ಇನ್ನೂ ಹಲವು ಸಾವಿರ ನೊಣಗಳನ್ನು ಎಣಿಸಬೇಕು.