ಪ್ಯಾರಿಸ್ಸಿನ ಬಗೆತ್ತು, ಎರಡು ಬಗೆಯ ‘ಬೆಟರ್’

ಪ್ಯಾರಿಸ್ ನಗರಾಡಳಿತ 1994ರಿಂದ ಬೇಕರಿಯವರಿಗಾಗಿ ಒಂದು ಸ್ಪರ್ಧೆ ನಡೆಸಿಕೊಂಡು ಬಂದಿದೆ. ಊರಿನ ಬ್ರೆಡ್ ಮಾಡುವವರೆಲ್ಲ ತಮ್ಮ ತಮ್ಮ ಬಗೆತ್ತನ್ನು, ಅಂದರೆ ನಮ್ಮ ಬೇಕರಿಗಳಲ್ಲೂ ಈಗ ‘ಬ್ಯಾಗೆಟ್’ ಎಂದು ಸಿಗುವ ಆ ಕೋಲಿನಂಥ ಬ್ರೆಡ್ಡನ್ನು, ತಂದೊಪ್ಪಿಸುತ್ತಾರೆ. ಯಾವುದು ಯಾರದ್ದೆಂದು ತೀರ್ಪುಗಾರರಿಗೆ ಗೊತ್ತಿರುವುದಿಲ್ಲ. ಅವರು ಬೆಂದ ಹದ, ನೋಟ, ವಾಸನೆ, ರುಚಿ ಮತ್ತು ಒಳಗಿನ ಮೆತ್ತನೆಯ ತಿರುಳು ನೋಡಿ ಅಂಕ ಕೊಡುತ್ತಾರೆ. ಗೆದ್ದವರಿಗೆ 4,000 ಯೂರೋ ಬಹುಮಾನ, ಜೊತೆಗೆ ಒಂದು ವರ್ಷ ಫ್ರಾನ್ಸಿನ ಅಧ್ಯಕ್ಷರ ಎಲಿಜೆ ಅರಮನೆಗೆ ಬ್ರೆಡ್ ಒದಗಿಸುವ ಮರ್ಯಾದೆ. 2023ರಲ್ಲಿ ಗೆದ್ದವರು ಶ್ರೀಲಂಕಾ ಮೂಲದ ತರ್ಶನ್ ಸೆಲ್ವರಾಜಾ.

ಗೆದ್ದ ಬ್ರೆಡ್ಡಿಗೆ ಫ್ರೆಂಚರು ಹೇಳುವ ಮಾತು ‘ಲಾ ಮೆಯ್ಯರ್ ಬಗೆತ್ ದ ಪಾರಿ’, ಪ್ಯಾರಿಸ್ಸಿನ ಅತ್ಯುತ್ತಮ ಬಗೆತ್ತು. ಫ್ರೆಂಚ್ ಕಲಿಯುವವರು ಮೊದಲ ವರ್ಷ ಎಡವುವ ಹೆಚ್ಚಿನ ಜಾಗಗಳು ಈ ಚಿಕ್ಕ ಮಾತಿನ ಸುತ್ತಲೇ ಇವೆ. ‘ಒಳ್ಳೆಯ’ ಎನ್ನಲು ಫ್ರೆಂಚಿನಲ್ಲಿ ‘ಬೋಂ’. ‘ಹೆಚ್ಚು’ ಎನ್ನಲು ‘ಪ್ಲು’. ಎರಡನ್ನೂ ಜೋಡಿಸಿ ‘ಪ್ಲು ಬೋಂ’ ಎಂದರೆ ಆಯಿತಲ್ಲ ಎಂದು ಯಾರಿಗಾದರೂ ಅನ್ನಿಸೀತು. ದೊಡ್ಡದು, ಚಿಕ್ಕದು, ಬಿಸಿ, ತಣ್ಣಗೆ ಎಲ್ಲಕ್ಕೂ ಆ ದಾರಿ ನಡೆಯುತ್ತದೆ. ಬೋಂಗೆ ಮಾತ್ರ ನಡೆಯುವುದಿಲ್ಲ, ಅದರ ಜಾಗದಲ್ಲಿ ‘ಮೆಯ್ಯರ್’ ಬರಬೇಕು. ಹಾಗೆಯೇ ‘ಚೆನ್ನಾಗಿ’ ಎನ್ನಲು ‘ಬ್ಯಾಂ’, ‘ಇನ್ನೂ ಚೆನ್ನಾಗಿ’ ಎನ್ನಲು ‘ಮ್ಯೋ’. ಈ ತಕರಾರು ಮೇಲೇರುವಾಗ ಮಾತ್ರ. ‘ಅಷ್ಟೇ ಒಳ್ಳೆಯ’ ಎಂದರೆ ‘ಓಸಿ ಬೋಂ’, ‘ಅಷ್ಟು ಒಳ್ಳೆಯದಲ್ಲ’ ಎಂದರೆ ‘ಮ್ವಾಂ ಬೋಂ’. ಅಲ್ಲಿ ಬೋಂ ಹಾಯಾಗಿ ಕೂತಿರುತ್ತದೆ.

ಮೆಯ್ಯರ್ ಯಾವಾಗ, ಮ್ಯೋ ಯಾವಾಗ? ಇಂಗ್ಲಿಷ್ ಮೂಲಕ ಫ್ರೆಂಚ್ ಕಲಿತವರಿಗೆ ಇದು ತಲೆನೋವು, ಏಕೆಂದರೆ ಇಂಗ್ಲಿಷಿನಲ್ಲಿ ಎರಡಕ್ಕೂ ‘ಬೆಟರ್’ ಒಂದೇ. ಬೆಂಗಳೂರಿನ ಕಾಲೇಜುಗಳಲ್ಲಿ ಫ್ರೆಂಚನ್ನು ಎರಡನೇ ಭಾಷೆಯಾಗಿ ಆರಿಸಿಕೊಳ್ಳುವ ಮಕ್ಕಳು ಹೆಚ್ಚಾಗಿ ಇದೇ ದಾರಿಯಲ್ಲಿ ಹೋಗಿ ಸಿಕ್ಕಿಹಾಕಿಕೊಳ್ಳುತ್ತಾರೆ. ಮನೆಯ ಮಾತಿಗೆ ಬಂದರೆ ಗಂಟು ಸಡಿಲವಾಗುತ್ತದೆ. ‘ಒಳ್ಳೆಯ ಬ್ರೆಡ್’ ಎನ್ನುತ್ತೇವೆ, ‘ಚೆನ್ನಾಗಿ ಕೆಲಸ ಮಾಡುತ್ತಾನೆ’ ಎನ್ನುತ್ತೇವೆ. ‘ಒಳ್ಳೆಯ ಕೆಲಸ ಮಾಡುತ್ತಾನೆ’ ಎಂದರೆ ಅರ್ಥವೇ ಬೇರೆ. ಮೊದಲನೆಯದು ವಸ್ತುವಿನ ಗುಣ ಹೇಳುವ ಪದ, ಗುಣವಾಚಕ. ಎರಡನೆಯದು ಕೆಲಸ ನಡೆದ ರೀತಿ ಹೇಳುವ ಪದ, ಕ್ರಿಯಾವಿಶೇಷಣ. ‘ಈ ಬಗೆತ್ತು ಆ ಬಗೆತ್ತಿಗಿಂತ ಒಳ್ಳೆಯದು’ ಎನ್ನುವಲ್ಲಿ ಮೆಯ್ಯರ್, ‘ಈ ಬೇಕರಿಯವನು ಅವನಿಗಿಂತ ಚೆನ್ನಾಗಿ ನಾದುತ್ತಾನೆ’ ಎನ್ನುವಲ್ಲಿ ಮ್ಯೋ. ಒಂದು ವಾಕ್ಯ ಹೊಳೆಯದಿದ್ದಾಗ ಹೋಲಿಕೆಯನ್ನು ತೆಗೆದು ಬರಿಯ ವಾಕ್ಯ ಹೇಳಿಕೊಳ್ಳಿ. ‘ಒಳ್ಳೆಯ’ ಬಂದರೆ ಬೋಂ ಮನೆತನ, ‘ಚೆನ್ನಾಗಿ’ ಬಂದರೆ ಬ್ಯಾಂ ಮನೆತನ.

ಆದರೆ ಈ ಒರೆಗಲ್ಲು ಒಂದು ಕಡೆ ಕೈಕೊಡುತ್ತದೆ, ಅದೂ ಊಟದ ಎಲೆಯ ಮುಂದೆ. ಸಾರು ಹೇಗಿದೆ ಎಂದರೆ ನಾವು ‘ಚೆನ್ನಾಗಿದೆ’ ಎನ್ನುತ್ತೇವೆ. ಅದನ್ನೇ ನಂಬಿ ಬ್ಯಾಂ ಬಳಸಿದರೆ ಫ್ರೆಂಚರ ಮನೆಯಲ್ಲಿ ಆತಿಥೇಯರ ಮುಖ ಸ್ವಲ್ಪ ಸಪ್ಪಗಾದೀತು. ರುಚಿಗೆ ಅವರಲ್ಲಿ ಬೋಂ, ಇನ್ನೂ ರುಚಿಗೆ ಮೆಯ್ಯರ್. ಬಗೆತ್ತಿಗೆ ಬೆಣ್ಣೆ ಹಚ್ಚಿ ‘ಸೆ ಮೆಯ್ಯರ್ ಅವೆಕ್ ದ್ಯು ಬರ್’ ಎಂದರೆ ಬೆಣ್ಣೆಯಿಂದ ರುಚಿ ಹೆಚ್ಚಿತು ಎಂದರ್ಥ. ಅಲ್ಲಿ ಮೆಯ್ಯರ್ ತೆಗೆದು ಮ್ಯೋ ಇಟ್ಟರೆ ಬೆಣ್ಣೆ ಇದ್ದರೆ ವಾಸಿ, ಹಾಗೆ ಮಾಡುವುದು ಒಳಿತು ಎಂಬ ಅರ್ಥ ಬರುತ್ತದೆ. ಎರಡೂ ಸರಿಯಾದ ಫ್ರೆಂಚೇ. ಒಂದರಲ್ಲಿ ಮಾತಾಡುವುದು ನಾಲಿಗೆ, ಇನ್ನೊಂದರಲ್ಲಿ ತೀರ್ಮಾನ. ‘ಇರು’ ಎಂಬ ಕ್ರಿಯಾಪದದ ಜೊತೆ ಮ್ಯೋ ಬರುವುದೂ ಅಪರೂಪವಲ್ಲ, ‘ಸಿನಿಮಾಗಿಂತ ಪುಸ್ತಕ ವಾಸಿ’ ಎನ್ನುವಂಥ ಕಡೆ ಆಡುಮಾತಿನಲ್ಲಿ ಎರಡೂ ಕಿವಿಗೆ ಬೀಳುತ್ತವೆ. ಆರೋಗ್ಯದ ವಿಚಾರಕ್ಕೆ ಬಂದರೆ ಆಯ್ಕೆಯೇ ಇಲ್ಲ. ‘ಈಗ ವಾಸಿ, ಚೇತರಿಸಿಕೊಂಡಿದ್ದೇನೆ’ ಎನ್ನಲು ಮ್ಯೋ ಮಾತ್ರ.

ಇನ್ನು ಲಿಂಗ, ವಚನದ ಹೊಂದಿಕೆ. ಮೆಯ್ಯರ್ ಗುಣವಾಚಕವಾದ್ದರಿಂದ ಅದು ಹೇಳುವ ನಾಮಪದದ ಲಿಂಗ, ವಚನ ಎರಡನ್ನೂ ಹಿಂಬಾಲಿಸುತ್ತದೆ. ಬಗೆತ್ತು ಫ್ರೆಂಚಿನಲ್ಲಿ ಸ್ತ್ರೀಲಿಂಗ, ಕ್ರವಾಸಾಂ ಪುಲ್ಲಿಂಗ. ಹಾಗಾಗಿ ಅತ್ಯುತ್ತಮ ಬಗೆತ್ತಿಗೆ ‘ಲಾ’, ಅತ್ಯುತ್ತಮ ಕ್ರವಾಸಾಂಗೆ ‘ಲ’. ಬಗೆತ್ತಿನ ಮೆಯ್ಯರ್‌ಗೆ ಬರೆಯುವಾಗ ಕೊನೆಗೆ ರೋಮನ್ ‘ಇ’ ಅಕ್ಷರ ಸೇರುತ್ತದೆ. ಬಹುವಚನವಾದರೆ ಇಬ್ಬರಿಗೂ ‘ಎಸ್’, ಬಗೆತ್ತುಗಳಿಗೆ ‘ಇ’ ಮತ್ತು ‘ಎಸ್’ ಎರಡೂ. ಹೀಗೆ ಬರವಣಿಗೆಯಲ್ಲಿ ನಾಲ್ಕು ರೂಪ, ಬಾಯಲ್ಲಿ ನಾಲ್ಕೂ ಒಂದೇ ‘ಮೆಯ್ಯರ್’. ಬೋಂ ಹೀಗಲ್ಲ. ಅದರ ಸ್ತ್ರೀಲಿಂಗ ‘ಬೊನ್’ ಎಂದು ಕಿವಿಗೇ ಕೇಳಿಸುತ್ತದೆ. ಮೆಯ್ಯರ್ ವಿಷಯದಲ್ಲಿ ಕಿವಿ ನೆರವಿಗೆ ಬರುವುದು ಮುಂದಿನ ಪದ ಸ್ವರದಿಂದ ಶುರುವಾದಾಗ ಮಾತ್ರ. ‘ಅತ್ಯುತ್ತಮ ಗೆಳೆಯರು’ ಎನ್ನುವಾಗ ಮಲಗಿದ್ದ ‘ಎಸ್’ ಎದ್ದು ‘ಮೆಯ್ಯರ್ ಝಮಿ’ ಎಂದು ಝೇಂಕರಿಸುತ್ತದೆ. ಉಳಿದಂತೆ ಮುಂದೆ ನಿಂತ ಲ, ಲಾ, ಲೆಗಳೇ ಗತಿ. ಫ್ರೆಂಚರೇ ಅವಸರದಲ್ಲಿ ಬರೆಯುವಾಗ ಆ ‘ಇ’ಯನ್ನು ನುಂಗಿಬಿಡುವುದಕ್ಕೆ ಕಾರಣ ಇದೇ ಮೌನ.

ಹೊಂದಿಕೆ ಪದದ ಜೊತೆ, ಮನುಷ್ಯನ ಜೊತೆ ಅಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಸೆಲ್ವರಾಜಾ ಗಂಡಸು, ಆದರೂ ಬಹುಮಾನ ಬಂದ ಮೆಯ್ಯರ್‌ಗೆ ಸ್ತ್ರೀಲಿಂಗದ ‘ಇ’ ತಪ್ಪಲಿಲ್ಲ, ಏಕೆಂದರೆ ಗೆದ್ದದ್ದು ಬಗೆತ್ತು. ಫ್ರೆಂಚ್ ಸಿನಿಮಾದ ಸೆಜಾರ್ ಪ್ರಶಸ್ತಿಗಳ ಪಟ್ಟಿಯಲ್ಲೂ ಇದು ಕಾಣುತ್ತದೆ. ‘ಅತ್ಯುತ್ತಮ ನಿರ್ದೇಶನ’ ಎಂಬಲ್ಲಿ ನಿರ್ದೇಶನ ಎಂಬ ಪದ ಸ್ತ್ರೀಲಿಂಗ, ಪ್ರಶಸ್ತಿ ಯಾವ ಗಂಡಸಿನ ಕೈ ಸೇರಿದರೂ ಆ ‘ಇ’ ಅಲುಗುವುದಿಲ್ಲ. ‘ಅತ್ಯುತ್ತಮ ವಸ್ತ್ರವಿನ್ಯಾಸ’ದ ಪ್ರಶಸ್ತಿಗೆ ಅವರು ಬಳಸುವ ಪದ ‘ಕಾಸ್ಟ್ಯೂಮು’ಗಳ ಬಹುವಚನ, ಅದು ಪುಲ್ಲಿಂಗ. ಗೆದ್ದವರು ಒಬ್ಬರೇ ಹೆಂಗಸಾದರೂ ಅಲ್ಲಿ ಬರುವುದು ‘ಎಸ್’ ಮಾತ್ರ.

ಅತ್ಯುತ್ತಮ ಎಂದಮೇಲೆ ಯಾವ ಗುಂಪಿನಲ್ಲಿ ಎಂದು ಹೇಳಬೇಕಲ್ಲ, ಅದಕ್ಕೆ ಬರುವುದು ‘ದ’. ನಮ್ಮ ‘ಪ್ಯಾರಿಸ್ಸಿನ’ ಎಂಬ ಷಷ್ಠಿಯೇ ಅದು. ಇಂಗ್ಲಿಷಿನ ‘ಇನ್’ ನೆನೆದು ‘ಒಳಗೆ’ ಎಂಬ ಪದ ತುರುಕಬಾರದು.

ಮ್ಯೋ ಕ್ರಿಯಾವಿಶೇಷಣ. ಅದು ಯಾರಿಗೂ ತಲೆಬಾಗುವುದಿಲ್ಲ. ನಾದುವವಳು ಹೆಂಗಸಾಗಲಿ, ಹತ್ತು ಜನರಾಗಲಿ, ‘ಎಲ್ಲರಿಗಿಂತ ಚೆನ್ನಾಗಿ’ ಎನ್ನಲು ‘ಲ ಮ್ಯೋ’ ಎಂಬುದು ಅಷ್ಟೇ. ನಮ್ಮಲ್ಲಿ ಒಳ್ಳೆಯವನು, ಒಳ್ಳೆಯವಳು, ಒಳ್ಳೆಯವರು ಎಂದು ಬದಲಾಗುತ್ತದೆ, ‘ಚೆನ್ನಾಗಿ’ ಹಾಗೇ ಉಳಿಯುತ್ತದೆ, ಅದೇ ಧಾಟಿ.

ಹಾಗಿದ್ದರೆ ‘ಲಾ ಬಗೆತ್ ಲಾ ಮ್ಯೋ ಕ್ವೀತ್’, ಎಲ್ಲಕ್ಕಿಂತ ಚೆನ್ನಾಗಿ ಬೆಂದ ಬಗೆತ್ತು, ಎಂಬಲ್ಲಿ ಮ್ಯೋ ಮುಂದೆ ‘ಲಾ’ ಹೇಗೆ ಬಂತು? ಮ್ಯೋ ಇಲ್ಲೂ ಬದಲಾಗಿಲ್ಲ. ಬದಲಾದದ್ದು ಅದರ ಹಿಂದಿನ ‘ಬೆಂದ’ ಎಂಬ ಪದ, ಮತ್ತು ಮುಂದಿನ ‘ಲಾ’. ಅವೆರಡೂ ಬಗೆತ್ತಿನ ಲಿಂಗ ತೊಟ್ಟಿವೆ, ನಡುವೆ ಮ್ಯೋ ಸುಮ್ಮನೆ ನಿಂತಿದೆ. ತೀರ್ಪುಗಾರರ ಮೇಜಿನ ಮೇಲೆ ಸಾಲಾಗಿ ಬಗೆತ್ತುಗಳಿವೆ, ಅವುಗಳಲ್ಲಿ ಒಂದನ್ನು ಉಳಿದವುಗಳ ಜೊತೆ ಹೋಲಿಸುತ್ತಿದ್ದಾರೆ. ಆಗ ‘ಲಾ’ ಸರಿ. ಈಗ ಮೇಜು ಬಿಟ್ಟು ಒಲೆಯ ಹತ್ತಿರ ಬನ್ನಿ. ಒಂದೇ ಬಗೆಯ ಬಗೆತ್ತನ್ನು ಬೇರೆ ಬೇರೆ ಬಿಸಿಯಲ್ಲಿ ಬೇಯಿಸಿ ನೋಡಿದ ಬೇಕರಿಯವನು ‘250 ಡಿಗ್ರಿಯಲ್ಲೇ ಇದು ಹೆಚ್ಚು ಚೆನ್ನಾಗಿ ಬೇಯುವುದು’ ಎನ್ನುತ್ತಾನೆ. ಇಲ್ಲಿ ಬೇರೆ ಬಗೆತ್ತುಗಳ ಪ್ರಶ್ನೆಯಿಲ್ಲ, ಅದನ್ನು ಅದರ ಜೊತೆಗೇ ಹೋಲಿಸುತ್ತಿದ್ದಾನೆ. ಆಗ ಹಳೆಯ ನಿಯಮದ ಪ್ರಕಾರ ‘ಲಾ ಮ್ಯೋ’ ಅಲ್ಲ, ‘ಲ ಮ್ಯೋ’. ‘ಬೆಂದ’ ಎಂಬ ಪದ ಮಾತ್ರ ಸ್ತ್ರೀಲಿಂಗದಲ್ಲೇ ಉಳಿಯುತ್ತದೆ.

ಇದು ನಿಜಕ್ಕೂ ಕೂದಲು ಸೀಳುವ ನಿಯಮ, ಫ್ರೆಂಚ್ ಸರ್ಕಾರಕ್ಕೂ ಹಾಗೇ ಅನ್ನಿಸಿರಬೇಕು. 1976ರ ಡಿಸೆಂಬರಿನಲ್ಲಿ ಅಲ್ಲಿನ ಶಿಕ್ಷಣ ಸಚಿವಾಲಯ ಹೊರಡಿಸಿದ ಆದೇಶ, ಪರೀಕ್ಷೆಗಳಲ್ಲಿ ಇಂಥ ಕಡೆ ಎರಡು ರೂಪಗಳಲ್ಲಿ ಯಾವುದನ್ನು ಬರೆದರೂ ಒಪ್ಪಬಹುದೆಂದಿತು. ನನ್ನ ಮಟ್ಟಿಗೆ, ಕಲಿಯುವವರು ಹೋಲಿಕೆ ಯಾರ ಜೊತೆ ಎಂಬುದನ್ನು ಒಮ್ಮೆ ಯೋಚಿಸಿದರೆ ಸಾಕು, ಅದರ ಮೇಲೆ ನಿದ್ದೆಗೆಡುವಷ್ಟು ದೊಡ್ಡ ವಿಷಯವಲ್ಲ.

ನಿದ್ದೆಗೆಡಬೇಕಾದ್ದು ಬೇರೆ ಇದೆ. ಬಗೆತ್ತಿನ ವಾಸನೆಗೂ ಅಂಕವಿದೆ ಎಂದೆನಲ್ಲ. ‘ಇದು ಘಮಘಮಿಸುತ್ತದೆ’ ಎನ್ನಲು ಫ್ರೆಂಚಿನಲ್ಲಿ ವಾಸನೆಯ ಕ್ರಿಯಾಪದದ ಜೊತೆ ಬ್ಯಾಂ ಬರುವುದಿಲ್ಲ, ಬೋಂ ಬರುತ್ತದೆ, ‘ಎಲ್ ಸಾಂ ಬೋಂ’. ಬಗೆತ್ತು ಸ್ತ್ರೀಲಿಂಗವಾದರೂ ಇಲ್ಲಿ ‘ಬೊನ್’ ಎನ್ನುವಂತಿಲ್ಲ. ಗುಣವಾಚಕದ ವೇಷದಲ್ಲೇ ಬೋಂ ಇಲ್ಲಿ ಕ್ರಿಯಾವಿಶೇಷಣದ ಕೆಲಸ ಮಾಡುತ್ತಿದೆ. ಹೋಲಿಕೆಗೆ ತಿರುಗಿದರೂ ಹಾಗೇ, ‘ಸೆಲ್‌ಸಿ ಸಾಂ ಮೆಯ್ಯರ್’, ಇದರ ಘಮ ಹೆಚ್ಚು. ಮ್ಯೋ ಅಲ್ಲ, ಮತ್ತು ಬರೆಯುವಾಗ ಮೆಯ್ಯರ್ ಕೊನೆಗೆ ‘ಇ’ಯೂ ಇಲ್ಲ, ನೂರು ಬಗೆತ್ತು ಘಮಘಮಿಸಿದರೂ ‘ಎಸ್’ ಇಲ್ಲ. ಅದೇ ಬಗೆತ್ತನ್ನು ಕಚ್ಚಿ ‘ಇದು ಹೆಚ್ಚು ರುಚಿ’ ಎಂದರೆ ‘ಇ’ ತಿರುಗಿ ಬರುತ್ತದೆ. ಒಂದೇ ಬ್ರೆಡ್ಡು, ಒಂದೇ ಉಚ್ಚಾರ, ಮೂಗಿಗೆ ಒಂದು ಕಾಗುಣಿತ, ಬಾಯಿಗೆ ಇನ್ನೊಂದು. ಅಲ್ಲಿಗೆ ‘ಇದೆ’ ಎಂಬ ಕ್ರಿಯಾಪದವಿದೆಯೋ ‘ಘಮಿಸು’ ಎಂಬುದಿದೆಯೋ ನೋಡಿಕೊಂಡೇ ಕೈ ಎತ್ತಬೇಕು.

ಇಂಥದೇ ಇನ್ನೊಂದು ಸಂತೆಯಲ್ಲಿ ಸಿಗುತ್ತದೆ. ಅಗ್ಗ ಎನ್ನಲು ‘ಬೋಂ ಮಾರ್ಶೆ’, ಪ್ಯಾರಿಸ್ಸಿನ ಹೆಸರಾಂತ ದುಬಾರಿ ಮಳಿಗೆಯೊಂದರ ಹೆಸರೂ ಅದೇ ಎಂಬುದು ಬೇರೆ ಮಾತು. ಇನ್ನೂ ಅಗ್ಗವಾದರೆ ‘ಮೆಯ್ಯರ್ ಮಾರ್ಶೆ’. ಈ ಜೋಡಿ ಕಟ್ಟಿಟ್ಟ ಗಂಟು, ಯಾವ ನಾಮಪದದ ಲಿಂಗ, ವಚನಕ್ಕೂ ಬಿಚ್ಚಿಕೊಳ್ಳುವುದಿಲ್ಲ. ಪಕ್ಕದ ಬೀದಿಯಲ್ಲಿ ಬಗೆತ್ತುಗಳು ಅಗ್ಗ ಎಂದು ಬರೆಯುವಾಗ ಮೆಯ್ಯರ್‌ಗೆ ‘ಇ’ ಬೇಡ, ‘ಎಸ್’ ಬೇಡ. ಆ ಬಗೆತ್ತುಗಳೇ ಹೆಚ್ಚು ರುಚಿ ಎಂದು ಮುಂದಿನ ವಾಕ್ಯ ಬರೆದಿರೋ, ಎರಡೂ ಬೇಕು.